ಮೊಬೈಲ್ ಸ್ಟಾರ್ಟರ್ ಡೆಮೊ ವಿಡಿಯೊದ ಸ್ಕ್ರಿಪ್ಟನ್ನು ರೈತರಿಗೆ ಅರ್ಥವಾಗುವಂತೆ ತಿದ್ದಿ ಬರೆಯುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಮೋಟಾರ್ ಅಂಗಡಿಗಳಿಗೆ ಬರುವ ಡೆಮೊ ವಿಡಿಯೊಗಳ ವಾಯ್ಸ್‌ಓವರ್ ಸ್ಕ್ರಿಪ್ಟ್ ತಿದ್ದಲು ಕುಳಿತವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು, ಇಂಗ್ಲಿಷ್ ಪದ ಕಿತ್ತು ಅಲ್ಲಿ ಸಂಸ್ಕೃತದ ಪದ ಕೂರಿಸುವುದು. ‘ಡ್ರೈ ರನ್ ಪ್ರೊಟೆಕ್ಷನ್’ ಹೋಗಿ ‘ಶುಷ್ಕ ಚಾಲನಾ ಸಂರಕ್ಷಣೆ’ ಬಂದರೆ ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಮೊದಲು ಅರ್ಧ ಗೊತ್ತಿದ್ದದ್ದೂ ಗೊತ್ತಾಗದಂತಾಗುತ್ತದೆ. ಎರಡನೆಯದು, ಚೆಂದದ ಹೋಲಿಕೆಯೊಂದನ್ನು ತರುವುದು, ಆದರೆ ಅದು ಯಂತ್ರ ಮಾಡುವ ಕೆಲಸಕ್ಕೆ ತದ್ವಿರುದ್ಧವಾಗಿರುವುದು. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಅಪಾಯಕಾರಿ. ಅರ್ಥವಾಗದ ಮಾತನ್ನು ಕೇಳುಗರು ಬಿಟ್ಟುಬಿಡುತ್ತಾರೆ. ತಪ್ಪಾಗಿ ಅರ್ಥವಾದ ಮಾತನ್ನು ನಂಬಿ ಗುಂಡಿ ಒತ್ತುತ್ತಾರೆ.

ಆದ್ದರಿಂದ ಇಲ್ಲಿ ಒಂದೇ ಉತ್ಪನ್ನವನ್ನು ಹಿಡಿದು ಹೊರಟಿದ್ದೇನೆ: ಬೋರ್‌ವೆಲ್‌ನ ತ್ರೀ ಫೇಸ್ ಮೋಟಾರಿಗೆ ಹಾಕುವ ಮೊಬೈಲ್ ಸ್ಟಾರ್ಟರ್. ಮೊಬೈಲಿನಿಂದ ಮೋಟಾರ್ ಚಾಲೂ ಮಾಡುವ, ಬಂದ್ ಮಾಡುವ, ತೊಂದರೆ ಕಂಡರೆ ತಾನೇ ನಿಲ್ಲಿಸುವ ಪೆಟ್ಟಿಗೆ ಅದು.

## ಕುಳಿತುಕೊಳ್ಳುವ ಮೊದಲು ಬೇಕಾದವು

ಮೂಲ ವಿಡಿಯೊ, ಮೂಲ ಸ್ಕ್ರಿಪ್ಟ್, ಪೆಟ್ಟಿಗೆಯ ಜೊತೆ ಬರುವ ಕೈಪಿಡಿ, ಧ್ವನಿ ಮುದ್ರಿಸಲು ನಿಮ್ಮದೇ ಮೊಬೈಲ್, ಮೂರು ಕಲಂ ಎಳೆದ ಹಾಳೆ. ಸಾಧ್ಯವಾದರೆ ನಿಜವಾದ ಪೆಟ್ಟಿಗೆಯನ್ನೇ ಮುಂದಿಟ್ಟುಕೊಳ್ಳಿ. ಪರದೆಯಲ್ಲಿ ಯಾವ ಅಕ್ಷರ ಮೂಡುತ್ತದೆ, ಯಾವ ದೀಪ ಹತ್ತುತ್ತದೆ ಎಂಬುದು ಕೈಪಿಡಿಯಲ್ಲಿ ಒಂದು ರೀತಿ, ಪೆಟ್ಟಿಗೆಯಲ್ಲಿ ಇನ್ನೊಂದು ರೀತಿ ಇರುವುದುಂಟು.

ಇಬ್ಬರು ಮನುಷ್ಯರೂ ಬೇಕು. ಒಬ್ಬರು ಮೋಟಾರ್ ಬಿಚ್ಚಿ ವೈಂಡಿಂಗ್ ಮಾಡುವ ಮೆಕ್ಯಾನಿಕ್. ಇನ್ನೊಬ್ಬರು ಬೋರ್ ಇರುವ, ಆದರೆ ಈ ಪೆಟ್ಟಿಗೆಯನ್ನು ಇನ್ನೂ ನೋಡಿಲ್ಲದ ರೈತರು. ಬರೆದದ್ದು ನಿಜವೇ ಎಂದು ಮೊದಲನೆಯವರು ಹೇಳಬೇಕು, ತಲುಪಿತೇ ಎಂದು ಎರಡನೆಯವರು ಹೇಳಬೇಕು. ಒಬ್ಬರ ಕೆಲಸ ಇನ್ನೊಬ್ಬರಿಂದ ಆಗುವುದಿಲ್ಲ.

## 1. ಧ್ವನಿ ಬಂದ್ ಮಾಡಿ ವಿಡಿಯೊ ನೋಡಿ

ಸ್ಕ್ರಿಪ್ಟಿನಿಂದ ಶುರು ಮಾಡಬೇಡಿ. ವಿಡಿಯೊದ ಧ್ವನಿ ನಿಲ್ಲಿಸಿ ಮೊದಲಿನಿಂದ ಕೊನೆಯವರೆಗೆ ನೋಡಿ, ಹಾಳೆಯ ಮೊದಲ ಕಲಂನಲ್ಲಿ ಸಮಯ, ಎರಡನೆಯದರಲ್ಲಿ ಕಣ್ಣಿಗೆ ಕಾಣುವುದನ್ನು ಬರೆಯಿರಿ. ‘ಕೈ ಗುಂಡಿ ಒತ್ತುತ್ತದೆ’, ‘ಪರದೆಯಲ್ಲಿ ಅಂಕಿ ಇಳಿಯುತ್ತದೆ’, ‘ಕೆಂಪು ದೀಪ’. ಮೂರನೆಯ ಕಲಂ ಸದ್ಯಕ್ಕೆ ಖಾಲಿ ಇರಲಿ, ಹೊಸ ಮಾತು ಅಲ್ಲಿಗೆ ಬರುತ್ತದೆ.

ಇದರಿಂದ ಎರಡು ಲಾಭ. ಕಣ್ಣಿಗೆ ಕಾಣುವುದನ್ನು ಬಾಯಲ್ಲೂ ಹೇಳಿ ವ್ಯರ್ಥವಾಗುತ್ತಿದ್ದ ಸೆಕೆಂಡುಗಳು ಸಿಗುತ್ತವೆ. ಯಾವ ಮಾತಿಗೆ ಚಿತ್ರದ ಆಸರೆಯೇ ಇಲ್ಲ ಎಂಬುದೂ ತಿಳಿಯುತ್ತದೆ. ಹೋಲಿಕೆ ಬೇಕಾಗುವುದು ಹೆಚ್ಚಾಗಿ ಇಂಥ ಆಸರೆ ಇಲ್ಲದ ಕಡೆಯೇ. ಬೋರಿನ ಆಳದಲ್ಲಿ ನಡೆಯುವುದನ್ನು ಯಾವ ಕ್ಯಾಮೆರಾ ತೋರಿಸೀತು?

## 2. ಪದಗಳನ್ನು ಮೂರು ಗುಂಪು ಮಾಡಿ

ಮೂಲ ಸ್ಕ್ರಿಪ್ಟಿನ ಪ್ರತಿ ತಾಂತ್ರಿಕ ಪದದ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಈ ಪದ ಕೇಳುಗರಿಗೆ ಮುಂದೆ ಎಲ್ಲಾದರೂ ಎದುರಾಗುತ್ತದೆಯೇ?

ಪೆಟ್ಟಿಗೆಯ ಪರದೆಯಲ್ಲಿ `DRY RUN` ಎಂದು ಮೂಡುತ್ತದೆ ಎಂದುಕೊಳ್ಳಿ. ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೂ ಅವರು ಅದೇ ಪದ ಆಡುತ್ತಾರೆ. ಹಾಗಾದರೆ ‘ಡ್ರೈ ರನ್’ ಎಂಬ ಪದವನ್ನು ತೆಗೆಯಕೂಡದು, ಬಿಡಿಸಿ ಹೇಳಬೇಕು. ‘ಥ್ರೆಶೋಲ್ಡ್’ ಪರದೆಯಲ್ಲೂ ಇಲ್ಲ, ಯಾರ ಬಾಯಲ್ಲೂ ಇಲ್ಲ. ಅದನ್ನು ಯೋಚಿಸದೆ ತೆಗೆಯಿರಿ. ಮೂರನೆಯ ಗುಂಪು, ಕೇಳುಗರಿಗೆ ಆಗಲೇ ಗೊತ್ತಿರುವ ಪದಗಳದ್ದು: ಫೇಸ್, ಕರೆಂಟು, ವೋಲ್ಟೇಜ್, ಸ್ಟಾರ್ಟರ್, ವೈಂಡಿಂಗ್, ಟಿಸಿ. ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರಿಗೆ ಟಿಸಿ ಎನ್ನದವರು ಯಾರು? ಇವನ್ನು ಕನ್ನಡಿಸಲು ಹೋಗಬೇಡಿ, ವಿವರಿಸಲೂ ಹೋಗಬೇಡಿ. ಗೊತ್ತಿರುವುದನ್ನು ವಿವರಿಸಿದರೆ ಕೇಳುಗರು ತಮ್ಮನ್ನು ಏನೂ ತಿಳಿಯದವರೆಂದು ಭಾವಿಸಿದ್ದಾರೆ ಎಂದುಕೊಂಡು ಅಲ್ಲಿಗೇ ಕಿವಿ ಮುಚ್ಚುತ್ತಾರೆ.

ಎಲ್ಲ ಮುಗಿದಾಗ ವಿವರಿಸಬೇಕಾದ ಪದಗಳು ಬೆರಳೆಣಿಕೆಯಷ್ಟು ಉಳಿಯಬೇಕು. ಮೂರು ನಿಮಿಷದ ವಿಡಿಯೊದಲ್ಲಿ ಅಂಥವು ಎಂಟು ಹತ್ತು ಉಳಿದಿದ್ದರೆ ತೊಂದರೆ ಭಾಷೆಯದಲ್ಲ. ವಿಡಿಯೊದಲ್ಲಿ ವಿಷಯ ವಿಪರೀತ ತುಂಬಿದ್ದಾರೆ. ಕಂಪನಿಯವರೊಡನೆ ಈ ಹಂತದಲ್ಲೇ ಮಾತಾಡಿ ಕೆಲವನ್ನು ಬಿಡಿಸಿ, ಧ್ವನಿ ಮುದ್ರಣವಾದ ಮೇಲೆ ಅಲ್ಲ.

## 3. ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಕೇಳಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಹೋಲಿಕೆ ಹುಡುಕುವ ಮೊದಲು ಮೆಕ್ಯಾನಿಕ್ ಮುಂದೆ ಕುಳಿತು ಪ್ರತಿ ಪದಕ್ಕೂ ಮೂರು ಉತ್ತರ ಬರೆದುಕೊಳ್ಳಿ. ತೊಂದರೆ ಬಂದಾಗ ಏನು ಏರುತ್ತದೆ ಅಥವಾ ಇಳಿಯುತ್ತದೆ? ಅದು ಪೆಟ್ಟಿಗೆಗೆ ಹೇಗೆ ಗೊತ್ತಾಗುತ್ತದೆ? ಪೆಟ್ಟಿಗೆ ಸುಮ್ಮನಿದ್ದರೆ ಮೋಟಾರಿಗೆ ಏನಾಗುತ್ತದೆ?

ಡ್ರೈ ರನ್ ವಿಷಯದಲ್ಲಿ ಉತ್ತರಗಳು ಹೀಗಿರುತ್ತವೆ. ಬೋರಿನಲ್ಲಿ ನೀರು ಪಂಪಿಗಿಂತ ಕೆಳಗೆ ಇಳಿದಾಗ ಪಂಪಿಗೆ ಎತ್ತಲು ಭಾರವೇ ಇರುವುದಿಲ್ಲ. ಆದ್ದರಿಂದ ಮೋಟಾರ್ ಎಳೆಯುವ ಕರೆಂಟು ಇಳಿಯುತ್ತದೆ. ಪೆಟ್ಟಿಗೆ ಮೇಲೆ ಕುಳಿತು ಆ ಕರೆಂಟನ್ನು ಅಳೆಯುತ್ತಿರುತ್ತದೆ, ಇಟ್ಟ ಮಿತಿಗಿಂತ ಕೆಳಗಿಳಿದರೆ ಮೋಟಾರ್ ನಿಲ್ಲಿಸುತ್ತದೆ. ನಿಲ್ಲಿಸದಿದ್ದರೆ ಮೋಟಾರ್ ಬಿಸಿಯಾಗಿ ಕೆಡುತ್ತದೆ, ಏಕೆಂದರೆ ಸಬ್‌ಮರ್ಸಿಬಲ್ ಮೋಟಾರನ್ನು ತಂಪಾಗಿಡುವುದು ಅದರ ಮೈ ಸವರಿಕೊಂಡು ಹೋಗುವ ನೀರೇ. ಪಂಪಿನ ಬೇರಿಂಗುಗಳು ಸವೆಯದಂತೆ ಕಾಯುವುದೂ ನೀರೇ.

ಇಲ್ಲಿ ಗಮನಿಸಿ: ಕರೆಂಟು ಇಳಿಯುತ್ತದೆ. ಮೆಕ್ಯಾನಿಕ್ಕನ್ನು ಕೇಳದೆ ಊಹೆಯ ಮೇಲೆ ಬರೆಯುವವರು ‘ನೀರಿಲ್ಲದಾಗ ಮೋಟಾರ್ ಏದುಸಿರು ಬಿಟ್ಟು ಜಾಸ್ತಿ ಎಳೆಯುತ್ತದೆ’ ಎಂದು ಬರೆದುಬಿಡುತ್ತಾರೆ. ಕೇಳಲು ಸಹಜವಾಗಿದೆ, ಆದರೆ ಸುಳ್ಳು. ಆ ವಿಡಿಯೊ ನೋಡಿದ ರೈತರು ಪರದೆಯಲ್ಲಿ ಆಂಪಿಯರ್ ಅಂಕಿ ಇಳಿಯುವುದನ್ನು ಕಂಡು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ.

ಲೋ ವೋಲ್ಟೇಜ್ ವಿಷಯದಲ್ಲೂ ಇದೇ ಕಥೆ. ವೋಲ್ಟೇಜ್ ಎಂದರೆ ನಲ್ಲಿಯ ನೀರಿನ ಒತ್ತಡದ ಹಾಗೆ ಎಂಬ ಹೋಲಿಕೆ ಎಲ್ಲರ ನಾಲಿಗೆಯ ತುದಿಯಲ್ಲಿದೆ. ಒತ್ತಡ ಕಡಿಮೆಯಾದರೆ ನೀರು ಕಡಿಮೆ ಬರುತ್ತದೆ, ಹಾಗಾದರೆ ವೋಲ್ಟೇಜ್ ಕಡಿಮೆಯಾದರೆ ಮೋಟಾರಿಗೆ ಕರೆಂಟೂ ಕಡಿಮೆ ಹೋಗುತ್ತದೆ ಎಂದು ಕೇಳುಗರು ತೀರ್ಮಾನಿಸುತ್ತಾರೆ. ಚಾಲೂ ಇರುವ ಪಂಪ್ ಮೋಟಾರಿನಲ್ಲಿ ಆಗುವುದು ಇದಕ್ಕೆ ವಿರುದ್ಧ. ಎತ್ತಬೇಕಾದ ಭಾರ ಹಾಗೇ ಇರುವುದರಿಂದ ವೋಲ್ಟೇಜ್ ಇಳಿದಷ್ಟೂ ಮೋಟಾರ್ ಕರೆಂಟು ಹೆಚ್ಚು ಎಳೆದು ಬಿಸಿಯಾಗುತ್ತದೆ. ಮೋಟಾರ್ ವಿಡಿಯೊಗಳಲ್ಲಿ ನಲ್ಲಿಯ ಹೋಲಿಕೆಯನ್ನು ಸಂಪೂರ್ಣ ಕೈಬಿಡಿ.

## 4. ಹೋಲಿಕೆ ಆರಿಸಿ, ಆಮೇಲೆ ಅದನ್ನು ಜಗ್ಗಿ ನೋಡಿ

ಈಗ ನಮ್ಮ ಬಳಿ ಒಂದು ಸ್ಪಷ್ಟವಾದ ಅಗತ್ಯವಿದೆ: ವಸ್ತು ಇಲ್ಲದಿದ್ದಾಗ ಹಗುರವಾಗುವ, ಆ ಹಗುರತನ ದೂರದಲ್ಲಿರುವವರಿಗೆ ಗೊತ್ತಾಗುವ ಒಂದು ದಿನನಿತ್ಯದ ಅನುಭವ ಬೇಕು.

ಹೊಸದುರ್ಗ, ಹಿರಿಯೂರಿನ ತೆಂಗಿನ ತೋಟದವರಿಗಾಗಿ ಎಳನೀರಿನ ಸ್ಟ್ರಾ ಹೊಳೆಯಬಹುದು. ಎಳನೀರು ಮುಗಿದಾಗ ಎಳೆಯುವುದು ಹಗುರವಾಗುತ್ತದೆ, ದಿಕ್ಕು ಸರಿಯಾಗಿದೆ. ಆದರೆ ಸ್ವಲ್ಪ ಜಗ್ಗಿ ನೋಡಿ. ಸ್ಟ್ರಾ ಎಂದರೆ ಮೇಲಿನಿಂದ ಹೀರುವುದು. ಬೋರಿನ ಪಂಪು ತಳದಲ್ಲಿ ಕುಳಿತು ನೀರನ್ನು ಮೇಲಕ್ಕೆ ತಳ್ಳುತ್ತದೆ. ಕೇಳುಗರ ಮನಸ್ಸಿನಲ್ಲಿ ಪಂಪು ತಲೆಕೆಳಗಾಗಿ ಕೂರುತ್ತದೆ.

ಬಾವಿಯಿಂದ ಕೊಡದಲ್ಲಿ ನೀರು ಸೇದುವುದು ಇನ್ನೊಂದು. ಕೊಡ ತುಂಬಿದ್ದರೆ ಹಗ್ಗ ಭಾರ, ಖಾಲಿ ಇದ್ದರೆ ಹಗುರ. ಕೊಡ ಕೆಳಗಿದೆ, ಕೈ ಮೇಲಿದೆ. ಇಣುಕಿ ನೋಡದೆ ಕೈಗೇ ತಿಳಿಯುತ್ತದೆ. ಪೆಟ್ಟಿಗೆಯೂ ಮೇಲೆಯೇ ಇದ್ದು, ಬೋರಿನೊಳಗೆ ಯಾವ ಕಣ್ಣನ್ನೂ ಇಳಿಬಿಡದೆ, ಕೇಬಲ್ಲಿನಲ್ಲಿ ಹರಿಯುವ ಕರೆಂಟಿನಿಂದಲೇ ನೀರಿಲ್ಲವೆಂದು ತಿಳಿಯುತ್ತದೆ. ಎರಡು ಕಡೆ ಸರಿಹೊಂದುವ ಹೋಲಿಕೆ ಇದು, ಆರಿಸಬೇಕಾದದ್ದು ಇದನ್ನೇ. ನೀರು ಸೇದಿಯೇ ಗೊತ್ತಿಲ್ಲದ ಹುಡುಗರೂ ಇಂದು ಇದ್ದಾರೆ, ನಿಜ. ಆದರೆ ತುಂಬಿದ ಕೊಡ ಮತ್ತು ಖಾಲಿ ಕೊಡದ ವ್ಯತ್ಯಾಸ ಊಹಿಸಲು ಬಾವಿಯ ಅನುಭವವೇ ಬೇಕಾಗಿಲ್ಲ.

ಒಂದು ಫೇಸ್ ಹೋದಾಗಿನ ತೊಂದರೆಗೆ ಎತ್ತಿನ ಗಾಡಿಯ ಹೋಲಿಕೆ ಕೊಡುವ ರೂಢಿಯಿದೆ: ‘ಒಂದು ಎತ್ತು ಕೂತರೆ ಗಾಡಿ ನಿಂತುಬಿಡುತ್ತದೆ.’ ಇದರ ದೋಷವೇನೆಂದರೆ, ಓಡುತ್ತಿರುವ ತ್ರೀ ಫೇಸ್ ಮೋಟಾರು ಒಂದು ಫೇಸ್ ಹೋದ ತಕ್ಷಣ ನಿಲ್ಲುವುದಿಲ್ಲ. ಉಳಿದೆರಡು ಫೇಸ್‌ಗಳಲ್ಲಿ ಹೆಚ್ಚು ಕರೆಂಟು ಎಳೆಯುತ್ತ ತಿರುಗುತ್ತಲೇ ಇರುತ್ತದೆ, ವೈಂಡಿಂಗ್ ಸುಡುವುದು ಅದರಿಂದಲೇ. ಹೋಲಿಕೆಯಲ್ಲಿ ಕೆಲಸ ನಿಲ್ಲಬಾರದು, ಹೊರೆ ಮಾತ್ರ ಹೆಚ್ಚಬೇಕು. ಬೇಲಿಯ ಕಲ್ಲುಕಂಬವನ್ನು ಮೂವರು ಹೊತ್ತು ನಡೆಯುವಾಗ ಒಬ್ಬ ಮೆಲ್ಲಗೆ ಹೆಗಲು ಜಾರಿಸಿದರೆ ಕಂಬ ಬೀಳುವುದಿಲ್ಲ, ಉಳಿದಿಬ್ಬರ ಬೆನ್ನು ಮುರಿಯುತ್ತದೆ. ಇದು ಹೊಂದುತ್ತದೆ.

ಮೋಟಾರ್ ನಿಂತಿದ್ದಾಗಲೇ ಒಂದು ಫೇಸ್ ಇಲ್ಲದಿದ್ದರೆ ಅದು ತಿರುಗಲಾರದೆ ಗುಂಯ್‌ಗುಟ್ಟುತ್ತದೆ. ಆ ಮಾತು ಅದೇ ವಾಕ್ಯದಲ್ಲಿ ಬೇಡ. ಒಂದು ಹೋಲಿಕೆಗೆ ಒಂದೇ ಸಂದರ್ಭ.

## 5. ಹೋಲಿಕೆ ಕೊಡಬಾರದ ಜಾಗಗಳನ್ನು ಗುರುತಿಸಿ

ಜೀವಕ್ಕೆ ಅಪಾಯವಿರುವ ಮಾತಿಗೆ ಹೋಲಿಕೆ ಬೇಡ. ಆಟೊ ಮೋಡ್‌ನಲ್ಲಿ ಇಟ್ಟ ಪೆಟ್ಟಿಗೆ ಕರೆಂಟು ಬಂದ ಕೂಡಲೇ, ಅಥವಾ ಸ್ವಲ್ಪ ಹೊತ್ತು ಬಿಟ್ಟು, ಮೋಟಾರನ್ನು ತಾನೇ ಚಾಲೂ ಮಾಡುತ್ತದೆ. ತೋಟದಲ್ಲಿ ಯಾರಾದರೂ ಕೇಬಲ್ ಜೋಡಿಸುತ್ತಿರುವಾಗಲೇ ಕರೆಂಟು ಬರಬಹುದು. ‘ನಿಷ್ಠಾವಂತ ಆಳಿನಂತೆ ತಾನೇ ಕೆಲಸಕ್ಕೆ ಇಳಿಯುತ್ತದೆ’ ಎಂಬಂಥ ಮಾತು ಇಲ್ಲಿ ಅಪಾಯವನ್ನು ಮರೆಸುತ್ತದೆ. ನೇರವಾಗಿ ಬರೆಯಿರಿ: ‘ಪೆಟ್ಟಿಗೆ, ಕೇಬಲ್, ಮೋಟಾರ್ ಯಾವುದನ್ನು ಮುಟ್ಟುವ ಮೊದಲೂ ಮೇನ್ ಸ್ವಿಚ್ ಬಂದ್ ಮಾಡಿ. ಮೊಬೈಲಿನಲ್ಲಿ ಬಂದ್ ಮಾಡಿದರೆ ಸಾಲದು.’ ಅರ್ಥಿಂಗ್, ವಾರಂಟಿ, ಹಣದ ಮಾತುಗಳಿಗೂ ಇದೇ ನಿಯಮ.

## 6. ಮಾತನ್ನು ಸರಿಯಾದ ಕ್ರಮದಲ್ಲಿ ಕೂರಿಸಿ

ನಾವು ತಿದ್ದುತ್ತಿರುವ ಮೂಲ ವಾಕ್ಯ ಈ ಬಗೆಯದು ಎಂದುಕೊಳ್ಳೋಣ:

> ‘ಈ ಕಂಟ್ರೋಲರ್‌ನಲ್ಲಿ ಅಂಡರ್‌ಕರೆಂಟ್ ಸೆನ್ಸಿಂಗ್ ಆಧಾರಿತ ಡ್ರೈ ರನ್ ಪ್ರೊಟೆಕ್ಷನ್ ಅಳವಡಿಸಲಾಗಿದ್ದು, ಲೋಡ್ ಕರೆಂಟ್ ನಿಗದಿತ ಥ್ರೆಶೋಲ್ಡ್‌ಗಿಂತ ಕಡಿಮೆಯಾದಾಗ ಮೋಟಾರ್ ಸ್ವಯಂಚಾಲಿತವಾಗಿ ಟ್ರಿಪ್ ಆಗಿ, ಪ್ರೋಗ್ರಾಮೆಬಲ್ ರೀಸ್ಟಾರ್ಟ್ ಡಿಲೇ ನಂತರ ಪುನಃ ಚಾಲನೆಗೊಳ್ಳುತ್ತದೆ.’

ಓದುಗರು ಇದನ್ನು ಎರಡನೆಯ ಸಲ ಓದಬಹುದು. ಕೇಳುಗರಿಗೆ ಆ ಅವಕಾಶವಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಆಗಿದ್ದು’, ‘ಆದಾಗ’, ‘ಆಗಿ’ ಎಂದು ಕೊಂಡಿ ಹಾಕುತ್ತ ಹೋದಷ್ಟೂ ಏನಾಯಿತು ಎಂಬುದು ದೂರ ಸರಿಯುತ್ತದೆ. ಪ್ರತಿ ಕೊಂಡಿಯ ಬಳಿ ಕತ್ತರಿಸಿ, ಅಲ್ಲೊಂದು ಪೂರ್ಣ ಕ್ರಿಯಾಪದ ಇಡಿ.

ಕ್ರಮ ಹೀಗಿರಲಿ: ಮೊದಲು ಗೊತ್ತಿರುವ ಅನುಭವ, ಆಮೇಲೆ ಪೆಟ್ಟಿಗೆಯ ಕೆಲಸ, ಆಮೇಲೆ ತಾಂತ್ರಿಕ ಹೆಸರು, ಕೊನೆಗೆ ಕೇಳುಗರು ಮಾಡಬೇಕಾದದ್ದು. ಹೆಸರನ್ನು ಮೊದಲೇ ಹೇಳಿ ಆಮೇಲೆ ವಿವರಿಸಿದರೆ, ಆ ಗೊತ್ತಿಲ್ಲದ ಹೆಸರಿನ ಹಿಂದೆ ಹೋದ ಮನಸ್ಸು ವಿವರಣೆ ಕೇಳಿಸಿಕೊಳ್ಳುವುದಿಲ್ಲ. ಮೊದಲ ಕರಡು ಹೀಗೆ ಬರುತ್ತದೆ:

> ‘ಬಾವಿಯಿಂದ ನೀರು ಸೇದುವಾಗ ತುಂಬಿದ ಕೊಡ ಕೈಗೆ ಭಾರ. ಖಾಲಿ ಕೊಡ ಹಗುರ. ಇಣುಕಿ ನೋಡಬೇಕಾಗಿಲ್ಲ, ಕೈಗೇ ತಿಳಿಯುತ್ತದೆ. ಈ ಪೆಟ್ಟಿಗೆಯೂ ಹಾಗೆಯೇ. ಬೋರಿನಲ್ಲಿ ನೀರು ಇಳಿದರೆ ಮೋಟಾರಿನ ಹೊರೆ ಹಗುರವಾಗುತ್ತದೆ, ಕರೆಂಟು ಕಡಿಮೆ ಎಳೆಯುತ್ತದೆ. ಪೆಟ್ಟಿಗೆ ಅದನ್ನು ತಿಳಿದು ಮೋಟಾರ್ ನಿಲ್ಲಿಸುತ್ತದೆ. ಆಗ ಪರದೆಯಲ್ಲಿ ಡ್ರೈ ರನ್ ಎಂದು ಬರುತ್ತದೆ.’

ನೋಡುಗರನ್ನು ‘ನೀವು’ ಎಂದೇ ಕರೆಯಿರಿ. ಪ್ರತಿ ಎರಡು ವಾಕ್ಯಕ್ಕೊಮ್ಮೆ ‘ರೈತ ಬಾಂಧವರೇ’ ಎಂದರೆ ಸಭೆಯ ಭಾಷಣವಾಗುತ್ತದೆ. ಇನ್ನು ಪ್ರಾದೇಶಿಕ ಉಚ್ಚಾರಣೆ. ಚಳ್ಳಕೆರೆಯ ಮಾತು ಹರಿಹರದಲ್ಲಿ ಬೇರೆಯಾಗಿ ಕೇಳುತ್ತದೆ, ಅದನ್ನು ಬರಹದಲ್ಲಿ ಅನುಕರಿಸುವ ಗೋಜಿಗೆ ಹೋಗಬೇಡಿ. ಪೂರ್ಣ ರೂಪದಲ್ಲಿ ಬರೆಯಿರಿ. ಓದುವವರು ಸ್ಥಳೀಯರಾಗಿದ್ದರೆ ಅವರ ಬಾಯಲ್ಲಿ ಅದು ತಾನಾಗಿ ಸಡಿಲಗೊಳ್ಳುತ್ತದೆ.

## 7. ಕೇಳಿಸಿ ನೋಡಿ, ಆದರೆ ‘ಅರ್ಥವಾಯಿತೇ’ ಎಂದು ಕೇಳಬೇಡಿ

ಕರಡನ್ನು ಮೊಬೈಲಿನಲ್ಲಿ ಓದಿ ಮುದ್ರಿಸಿ, ಚಿತ್ರವಿಲ್ಲದೆ ಧ್ವನಿಯನ್ನು ಮಾತ್ರ ಆ ರೈತರಿಗೆ ಒಂದೇ ಸಲ ಕೇಳಿಸಿ. ಅರ್ಥವಾಯಿತೇ ಎಂದರೆ ಮರ್ಯಾದೆಗಾಗಿಯಾದರೂ ಹೌದು ಎನ್ನುತ್ತಾರೆ. ಬದಲಿಗೆ ಹೀಗೆ ಕೇಳಿ: ‘ಪರದೆಯಲ್ಲಿ ಡ್ರೈ ರನ್ ಎಂದು ಬಂದಿದೆ. ಈಗ ನೀವು ಏನು ಮಾಡುತ್ತೀರಿ?’

ಮೇಲಿನ ಕರಡಿಗೆ ಬರಬಹುದಾದ ಮೂರು ಉತ್ತರಗಳನ್ನು ನೋಡೋಣ. ಮೂರೂ ಬೇರೆ ಬೇರೆ ದೋಷ ತೋರಿಸುತ್ತವೆ.

‘ಮತ್ತೆ ಚಾಲೂ ಮಾಡುತ್ತೇನೆ’ ಎಂದರೆ, ಮುಂದೇನು ಮಾಡಬೇಕೆಂದು ಕರಡು ಹೇಳಿಯೇ ಇಲ್ಲ. ನೀರು ಊರಲು ಬಿಡಬೇಕು ಎಂಬ ಮಾತು ಸೇರಬೇಕು.

‘ಹಾಗಾದರೆ ಬೋರಿನೊಳಗೆ ಇನ್ನೊಂದು ವೈರ್ ಬಿಡಬೇಕೇನಪ್ಪಾ?’ ಎಂದರೆ, ಪೆಟ್ಟಿಗೆಗೆ ಹೇಗೆ ತಿಳಿಯುತ್ತದೆ ಎಂಬುದು ತಲುಪಿಲ್ಲ. ಬೋರಿನೊಳಗೆ ಸೆನ್ಸರ್ ಇಳಿಬಿಡುವ ಬಗೆಯ ಪೆಟ್ಟಿಗೆಗಳೂ ಇರುವುದರಿಂದ ಈ ಪ್ರಶ್ನೆ ತೀರ ನ್ಯಾಯವಾದದ್ದು. ‘ಬೇರೆ ವೈರ್ ಬೇಕಾಗಿಲ್ಲ’ ಎಂಬ ಎರಡು ಕ್ಷಣದ ಮಾತು ಸಾಕು.

ಮೂರನೆಯದು ಅತ್ಯಂತ ಮುಖ್ಯ: ‘ಮೋಟಾರಿಗೆ ಹಗುರವಾದರೆ ಒಳ್ಳೆಯದೇ ಅಲ್ಲವೇ? ನಿಲ್ಲಿಸುವುದೇಕೆ?’ ಕೊಡದ ಹೋಲಿಕೆ ನೀರಿಲ್ಲವೆಂದು ಹೇಗೆ ತಿಳಿಯುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ನೀರಿಲ್ಲದೆ ಓಡಿದರೆ ಮೋಟಾರಿಗೇಕೆ ಕೆಡುಕು ಎಂಬುದನ್ನು ಹೇಳುವ ಶಕ್ತಿ ಅದಕ್ಕಿಲ್ಲ. ಖಾಲಿ ಕೊಡ ಸೇದಿ ಯಾರ ಕೈಯೂ ಸುಡುವುದಿಲ್ಲವಲ್ಲ. ಇಂಥ ಜಾಗದಲ್ಲಿ ಹೋಲಿಕೆಯನ್ನು ಹಿಗ್ಗಿಸಲು ಹೋಗದೆ, ಎರಡನೆಯ ಹೋಲಿಕೆಯನ್ನೂ ತರದೆ, ಸರಳ ಸತ್ಯವನ್ನು ಹೇಳಿಬಿಡಿ.

ತಿದ್ದಿದ ರೂಪ:

> ‘ಬಾವಿಯಿಂದ ನೀರು ಸೇದುವಾಗ ತುಂಬಿದ ಕೊಡ ಕೈಗೆ ಭಾರ. ಖಾಲಿ ಕೊಡ ಹಗುರ. ಇಣುಕಿ ನೋಡಬೇಕಾಗಿಲ್ಲ, ಕೈಗೇ ತಿಳಿಯುತ್ತದೆ. ಈ ಪೆಟ್ಟಿಗೆಯೂ ಹಾಗೆಯೇ. ಬೋರಿನಲ್ಲಿ ನೀರು ಇಳಿದರೆ ಮೋಟಾರ್ ಕರೆಂಟು ಕಡಿಮೆ ಎಳೆಯುತ್ತದೆ. ಅಷ್ಟರಿಂದಲೇ ಪೆಟ್ಟಿಗೆಗೆ ತಿಳಿಯುತ್ತದೆ, ಬೇರೆ ವೈರ್ ಬೇಕಾಗಿಲ್ಲ. ಮೋಟಾರನ್ನು ತಂಪಾಗಿಡುವುದು ನೀರು. ನೀರಿಲ್ಲದೆ ಓಡಿದರೆ ಮೋಟಾರ್ ಸುಡುತ್ತದೆ. ಅದಕ್ಕೇ ಪೆಟ್ಟಿಗೆ ನಿಲ್ಲಿಸುತ್ತದೆ. ಪರದೆಯಲ್ಲಿ ಡ್ರೈ ರನ್ ಎಂದು ಕಂಡರೆ ಅವಸರ ಮಾಡಬೇಡಿ. ನೀರು ಊರಲಿ. ನೀವು ಇಟ್ಟ ಸಮಯ ಮುಗಿದ ಮೇಲೆ ಅದು ತಾನೇ ಮತ್ತೆ ಚಾಲೂ ಮಾಡುತ್ತದೆ.’

ಇದನ್ನು ಈಗ ಮೆಕ್ಯಾನಿಕ್ಕಿಗೆ ಕೇಳಿಸಿ. ಅವರು ಹೆಚ್ಚಾಗಿ ಎತ್ತುವ ಆಕ್ಷೇಪ ಒಂದೇ: ಕರೆಂಟಿನ ಮಿತಿಯನ್ನು ಸರಿಯಾಗಿ ಸೆಟ್ ಮಾಡದಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ಬೋರಿನಲ್ಲಿ ಚೆನ್ನಾಗಿ ನೀರಿದ್ದು ಪೈಪಿನ ತುಂಬ ಬರುತ್ತಿರುವಾಗಿನ ಕರೆಂಟನ್ನು ನೋಡಿ ಮಿತಿ ಇಡಬೇಕು. ನೀರು ಕಡಿಮೆ ಇದ್ದಾಗಿನ ಅಂಕಿಯನ್ನೇ ಸರಿಯೆಂದುಕೊಂಡು ಸೆಟ್ ಮಾಡಿದರೆ ಪೆಟ್ಟಿಗೆ ನಿಲ್ಲಿಸಬೇಕಾದಾಗ ನಿಲ್ಲಿಸುವುದಿಲ್ಲ. ಈ ಮಾತನ್ನು ಡ್ರೈ ರನ್ ಭಾಗಕ್ಕೆ ತುರುಕದೆ, ಅಳವಡಿಕೆ ತೋರಿಸುವ ದೃಶ್ಯಕ್ಕೆ ಒಯ್ಯಿರಿ.

## 8. ಸಮಯಕ್ಕೆ ಹೊಂದಿಸಿ

ಹೊಸ ಮಾತು ಹಳೆಯದಕ್ಕಿಂತ ಉದ್ದವಾಗಿಯೇ ಇರುತ್ತದೆ. ವೇಗವಾಗಿ ಓದಿಸಿ ಅದನ್ನು ಹಳೆಯ ಜಾಗಕ್ಕೆ ತುಂಬಿದರೆ ಇಷ್ಟು ಹೊತ್ತಿನ ಶ್ರಮ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ. ಓದುವವರಿಂದಲೇ ಒಂದು ನಿಮಿಷ ಸಹಜ ವೇಗದಲ್ಲಿ ಓದಿಸಿ ಪದಗಳನ್ನು ಎಣಿಸಿಕೊಳ್ಳಿ. ಅದು ನಿಮ್ಮ ಅಳತೆ. ಇಂಗ್ಲಿಷ್ ಸ್ಕ್ರಿಪ್ಟಿಗೆ ಹೇಳುವ ನಿಮಿಷದ ಲೆಕ್ಕ ಇಲ್ಲಿ ನಡೆಯದು, ವಿಭಕ್ತಿ ಪ್ರತ್ಯಯಗಳೆಲ್ಲ ಕೂಡಿಕೊಂಡ ಕನ್ನಡದ ಪದ ಉದ್ದ.

ಜಾಗ ಸಾಲದಿದ್ದರೆ ಮೊದಲು ಕಣ್ಣಿಗೆ ಕಾಣುತ್ತಿರುವುದನ್ನು ಹೇಳುವ ಮಾತು ತೆಗೆಯಿರಿ. ಒಂದನೆಯ ಹಂತದ ಹಾಳೆ ಈಗ ಉಪಯೋಗಕ್ಕೆ ಬರುತ್ತದೆ. ಆಮೇಲೂ ಸಾಲದಿದ್ದರೆ ಪರದೆಯ ದೃಶ್ಯವನ್ನು ಕೆಲವು ಸೆಕೆಂಡು ಹೆಚ್ಚು ಹಿಡಿದಿಡಲು ಎಡಿಟರ್‌ಗೆ ಹೇಳಿ. ‘ಡ್ರೈ ರನ್’ ಎಂಬ ಪದ ಕೇಳುವ ಕ್ಷಣದಲ್ಲೇ ಆ ಅಕ್ಷರಗಳು ಪರದೆಯಲ್ಲಿ ಕಾಣಬೇಕು. ಎರಡಕ್ಕೂ ನಡುವೆ ಅಂತರ ಬಿದ್ದರೆ ಓದಲು ಬಾರದವರಿಗೆ ಆ ಆಕಾರ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

## 9. ಓದುವವರ ಕೈಗೆ ಕೊಡುವ ಪ್ರತಿ

ಧ್ವನಿ ಕೊಡುವವರಿಗೆ ದೊಡ್ಡ ಅಕ್ಷರದ ಮುದ್ರಿತ ಪ್ರತಿ ಕೊಡಿ, ಒಂದು ವಾಕ್ಯಕ್ಕೆ ಒಂದು ಸಾಲು. ಅಂಕಿಗಳನ್ನು ಓದಬೇಕಾದ ರೀತಿಯಲ್ಲೇ ಅಕ್ಷರದಲ್ಲಿ ಬರೆಯಿರಿ, ಇಲ್ಲದಿದ್ದರೆ 415 ಎಂಬುದನ್ನು ಒಬ್ಬರು ‘ನಾನೂರ ಹದಿನೈದು’ ಎಂದರೆ ಇನ್ನೊಬ್ಬರು ‘ಫೋರ್ ಫಿಫ್ಟೀನ್’ ಎನ್ನುತ್ತಾರೆ. ಹೋಲಿಕೆ ಮುಗಿದು ಪೆಟ್ಟಿಗೆಯ ಮಾತು ಶುರುವಾಗುವ ಕಡೆ, ಅಂದರೆ ‘ಈ ಪೆಟ್ಟಿಗೆಯೂ ಹಾಗೆಯೇ’ ಎಂಬುದರ ಮೊದಲು, ಒಂದು ಗೆರೆ ಹಾಕಿ ಅಲ್ಲಿ ನಿಲ್ಲಬೇಕೆಂದು ತಿಳಿಸಿ. ಆ ನಿಲುಗಡೆ ಇಲ್ಲದಿದ್ದರೆ ಬಾವಿ ಎಲ್ಲಿ ಮುಗಿಯಿತು, ಬೋರ್ ಎಲ್ಲಿ ಶುರುವಾಯಿತು ಎಂದು ಕೇಳುಗರಿಗೆ ತಿಳಿಯುವುದಿಲ್ಲ.

ಮೂರನೆಯ ಹಂತದ ಉತ್ತರಗಳಿರುವ ಹಾಳೆಯನ್ನು ಎಸೆಯದೆ ಸ್ಕ್ರಿಪ್ಟಿನ ಜೊತೆಗೇ ಇಡಿ. ಕಂಪನಿಯವರು ನಾಳೆ ಬೋರಿನೊಳಗೆ ಸೆನ್ಸರ್ ಬಿಡುವ ಹೊಸ ಮಾದರಿ ತಂದರೆ, ಹಗ್ಗ ಹಿಡಿದ ಕೈಯ ಹೋಲಿಕೆ ಅದಕ್ಕೆ ಹೊಂದುವುದಿಲ್ಲ. ಆಗ ಡ್ರೈ ರನ್ ಭಾಗವನ್ನು ಮೂರನೆಯ ಹಂತದಿಂದಲೇ ಮತ್ತೆ ಬರೆಯಬೇಕಾಗುತ್ತದೆ.